ನಿಮ್ಮ ಎಸ್‌ಒಪಿಯಲ್ಲಿ ಅರವತ್ತನೇ ದಿನ ಎಲ್ಲಿದೆ?

ಪ್ರಶ್ನೆ: ನನ್ನೂರು ಬ್ಯಾಡಗಿ. ಹುಬ್ಬಳ್ಳಿಯಲ್ಲಿ ಬಯೋಟೆಕ್ನಾಲಜಿ ಬಿ.ಇ. ಮುಗಿಸಿ ಹೊರದೇಶದಲ್ಲಿ ಫುಡ್ ಟೆಕ್ನಾಲಜಿ ಮಾಸ್ಟರ್ಸ್‌ಗೆ ಅರ್ಜಿ ಹಾಕ್ತಿದ್ದೀನಿ. ಅದರ ಜೊತೆ ಕೊಡೋ ಉದ್ದೇಶದ ಪತ್ರ, ಅಂದ್ರ ಎಸ್‌ಒಪಿ ಓದಿ ನಮ್ಮ ಸೋದರಮಾವ "ಇಲೆಕ್ಷನ್ ಭಾಷಣ ಇದ್ದಂಗೈತಿ" ಅಂದರು. ಹೊಗಳಿಕೆ ಎಲ್ಲಾ ತೆಗೆದೆ. ಈಗ ನನ್ನ ಗೆಳತಿ "ಇದು ಬಯೋಡೇಟಾ, ನೀ ಇದರಾಗ ಎಲ್ಲೂ ಇಲ್ಲ" ಅಂತಾಳ. ಇನ್ನ ಹೆಂಗ ಬರೀಲಿ ಸರ್?

ಉತ್ತರ: ನೀವು ಕಳಿಸಿದ ಎರಡೂ ಪ್ರತಿ ಓದಿದೆ. ಮಾವ ಹೇಳಿದ್ದೂ ಖರೆ, ಗೆಳತಿ ಹೇಳಿದ್ದೂ ಖರೆ. ಆದರೆ ಎರಡಕ್ಕೂ ಇರುವ ರೋಗ ಒಂದೇ. ಮೊದಲನೇ ಪ್ರತಿಯಲ್ಲಿ ನೀವು ಮಾಡಿದ ಕೆಲಸ ಕೂರಬೇಕಾದ ಜಾಗದಲ್ಲಿ ವಿಶೇಷಣಗಳು ಕೂತಿವೆ. ಎರಡನೇ ಪ್ರತಿಯಲ್ಲಿ ವಿಶೇಷಣಗಳು ಎದ್ದು ಹೋಗಿವೆ, ಜಾಗ ಖಾಲಿ ಬಿದ್ದಿದೆ. ಕೆಲಸ ಎರಡರಲ್ಲೂ ಬಂದಿಲ್ಲ.

ಧಾರವಾಡದ ಕಡೆ ಸನ್ಮಾನ ಸಮಾರಂಭಕ್ಕೆ ಹೋದವರಿಗೆ ಬಿನ್ನವತ್ತಳೆ ಗೊತ್ತಿರುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಆದ ಮೇಲೆ ಚೌಕಟ್ಟು ಹಾಕಿದ ಹಾಳೆಯನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ. "ಸತತ ಪರಿಶ್ರಮಿಗಳೂ, ಬಹುಮುಖ ಪ್ರತಿಭೆಯವರೂ ಆದ ತಾವು..." ಅದರಲ್ಲಿ ತಪ್ಪಿಲ್ಲ, ಯಾಕೆಂದರೆ ಓದುವವರು ಬೇರೆ, ಹಾರ ಹಾಕಿಸಿಕೊಂಡವರು ಬೇರೆ. ನಿಮ್ಮ ಮೊದಲನೇ ಪ್ರತಿಯಲ್ಲಿ ಆಗಿರುವುದು ಇಷ್ಟೇ: ಹಾರ ಹಾಕಿಕೊಂಡವರೇ ಮೈಕಿನ ಮುಂದೆ ನಿಂತು ತಮ್ಮ ಬಿನ್ನವತ್ತಳೆ ಓದುತ್ತಿದ್ದಾರೆ. ನಮ್ಮ ಹುಡುಗರಿಗೆ ತಮ್ಮ ಬಗ್ಗೆ ಬರೆಯುವ ಮಾದರಿ ಎಂದು ಸಿಕ್ಕಿರುವುದು ಅದೊಂದೇ, ಇಲ್ಲವೇ ಹುಬ್ಬಳ್ಳಿಯ ಕನ್ಸಲ್ಟನ್ಸಿಗಳಲ್ಲಿ ಕೈಯಿಂದ ಕೈಗೆ ಓಡಾಡುವ ಹಳೇ ಎಸ್‌ಒಪಿಗಳು. ಹಾಗಾಗಿ ನಿಮ್ಮನ್ನು ಬೈಯುವುದಿಲ್ಲ.

ನಿಮ್ಮ ವಾಕ್ಯಗಳು ಇಂಗ್ಲಿಷಿನಲ್ಲಿದ್ದರೂ ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ, ಯಾಕೆಂದರೆ ತಪ್ಪು ಇಂಗ್ಲಿಷಿನದಲ್ಲ. ಅದು ಸಾಕಷ್ಟು ಚೆನ್ನಾಗಿಯೇ ಇದೆ. ಇಡೀ ಪತ್ರ ತಿದ್ದುವ ಬದಲು ಪ್ರಾಜೆಕ್ಟಿನ ಪ್ಯಾರಾ ಒಂದನ್ನೇ ಹಿಡಿದು ಕೂರೋಣ. ಅದು ನೆಟ್ಟಗಾದರೆ ಮುಂದಿನ, ಹಿಂದಿನ ಪ್ಯಾರಾಗಳು ಬಹುಪಾಲು ತಾವೇ ಸರಿಯಾಗುತ್ತವೆ. ಮೊದಲನೇ ಪ್ರತಿಯಲ್ಲಿ ಅದು ಹೀಗಿತ್ತು:

"ಅಂತಿಮ ವರ್ಷದಲ್ಲಿ ನಾಲ್ಕು ಜನರ ತಂಡವನ್ನು ಯಶಸ್ವಿಯಾಗಿ ಮುನ್ನಡೆಸಿ, ಒಣಮೆಣಸಿನಕಾಯಿಯ ಬಣ್ಣ ಕಾಪಾಡುವ ವಿನೂತನ ವಿಧಾನವೊಂದನ್ನು ಅಭಿವೃದ್ಧಿಪಡಿಸಿದೆ. ಈ ಪ್ರಾಜೆಕ್ಟ್ ನನ್ನ ವಿಶ್ಲೇಷಣಾ ಸಾಮರ್ಥ್ಯ, ನಾಯಕತ್ವ ಮತ್ತು ಸಂಶೋಧನೆಯ ತುಡಿತವನ್ನು ಸಾಬೀತುಪಡಿಸಿತು. ಇದಕ್ಕೆ ಅತ್ಯುತ್ತಮ ಪ್ರಾಜೆಕ್ಟ್ ಪ್ರಶಸ್ತಿಯೂ ಲಭಿಸಿತು."

ಎರಡನೇ ಪ್ರತಿಯಲ್ಲಿ: "ಒಣಮೆಣಸಿನಕಾಯಿಯ ಬಣ್ಣದ ಮೇಲೆ ಶೇಖರಣೆಯ ಪರಿಣಾಮವನ್ನು ಅಧ್ಯಯನ ಮಾಡಲಾಯಿತು. ಸ್ಪೆಕ್ಟ್ರೋಫೋಟೋಮೀಟರ್ ಬಳಸಿ ಬಣ್ಣವನ್ನು ಅಳೆಯಲಾಯಿತು."

ಮೊದಲನೆಯದರ ಪ್ರಿಂಟ್ ತೆಗೆದು, ಕೆಂಪು ಪೆನ್ನಿನಿಂದ ನಿಮ್ಮನ್ನು ಅಥವಾ ನಿಮ್ಮ ಕೆಲಸವನ್ನು ತೂಗುವ ಪದಗಳಿಗೆಲ್ಲ ಗೆರೆ ಹಾಕಿ. ಯಶಸ್ವಿಯಾಗಿ, ಮುನ್ನಡೆಸಿ, ವಿನೂತನ, ಸಾಮರ್ಥ್ಯ, ನಾಯಕತ್ವ, ತುಡಿತ, ಅತ್ಯುತ್ತಮ. ಮೂರು ವಾಕ್ಯಕ್ಕೆ ಏಳು. ನೀವು ಇವನ್ನು ಅಳಿಸಿಬಿಟ್ಟಿರಿ, ಅಲ್ಲೇ ಎಡವಿದ್ದು. ಗೆರೆ ಹಾಕುವುದು ಅಳಿಸಲಿಕ್ಕಲ್ಲ. ಒಂದೊಂದು ಗೆರೆಯ ಕೆಳಗೂ ನಡೆದ ಸಂಗತಿ ಒಂದು ಮುಚ್ಚಿಹೋಗಿದೆ ಎಂಬ ಗುರುತು ಅದು. ಗೆರೆ ಎಳೆದಲ್ಲೆಲ್ಲ ನಿಲ್ಲಿಸಿ ಕೇಳಬೇಕಾದದ್ದು: ಅವತ್ತು ಏನಾಯಿತು? ನನ್ನ ಕೈ ಏನು ಮಾಡಿತು?

ಇದನ್ನೇ ಮೊನ್ನೆ ಫೋನಿನಲ್ಲಿ ಕೇಳಿದೆ. ನೀವು ಕನ್ನಡದಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಹೇಳಿದ್ದು ನಿಮ್ಮ ಎರಡೂ ಪ್ರತಿಗಿಂತ ಎಷ್ಟೋ ಚೆಂದ ಇತ್ತು. ಬರೆದುಕೊಂಡಿದ್ದೇನೆ, ಉಳಿದ ಓದುಗರಿಗೂ ಅರ್ಥವಾಗಲೆಂದು ನಿಮ್ಮ ಒಪ್ಪಿಗೆಯಿಂದಲೇ ಇಲ್ಲಿ ಹಾಕುತ್ತೇನೆ.

ಒಂದೇ ಲಾಟಿನ ಕಾಯಿ ತಂದು ಅರ್ಧ ಮಾಮೂಲಿ ಗೋಣಿಚೀಲದಲ್ಲಿ, ಅರ್ಧ ಒಳಗೆ ಕಪ್ಪು ಪ್ಲಾಸ್ಟಿಕ್ ಪದರ ಹಾಕಿ ಬಾಯಿ ಬಿಗಿದ ಚೀಲದಲ್ಲಿ ಇಟ್ಟಿರಿ. 90 ದಿನ. ಶುರುವಿನಲ್ಲಿ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಕಾಯಿ ತೆಗೆದು ಪುಡಿ ಮಾಡಿ ಬಣ್ಣ ಅಳೆದಿರಿ. ಅಳೆಯುವ ರೀತಿ ಮಸಾಲೆ ವ್ಯಾಪಾರದಲ್ಲಿ ಎಲ್ಲರೂ ಒಪ್ಪುವ ಆಸ್ಟಾ ವಿಧಾನ: ಒಂದು ಗ್ರಾಂನ ಹತ್ತನೇ ಒಂದು ಪಾಲಿಗಿಂತಲೂ ತುಸು ಕಡಿಮೆ ಪುಡಿಯನ್ನು 100 ಮಿಲಿ ಫ್ಲಾಸ್ಕಿಗೆ ಹಾಕಿ, ಕತ್ತಿನ ಗೆರೆಯವರೆಗೆ ಅಸಿಟೋನ್ ತುಂಬಿ, ಬಿಗಿಯಾಗಿ ಮುಚ್ಚಿ, ಕತ್ತಲಲ್ಲಿ 16 ತಾಸು ಇಡಬೇಕು. ಆಮೇಲೆ ತಿಳಿಯಾದ ಕೆಂಪು ದ್ರಾವಣ ತೆಗೆದು 460 ನ್ಯಾನೋಮೀಟರಿನಲ್ಲಿ ಅದು ಎಷ್ಟು ಬೆಳಕು ಹೀರುತ್ತದೆಂದು ನೋಡಬೇಕು. ಆ ಅಂಕಿಯಿಂದ ಬಣ್ಣದ ಅಂಕ ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ನೀವು ಸಹಜವಾಗಿ ಒಂದು ಮಾತು ಹೇಳಿದಿರಿ: "16 ತಾಸು ಅಂದ್ರ ಸಂಜೀ 5ಕ್ಕ ಇಟ್ಟರ ಮುಂಜಾನೆ 9ಕ್ಕ ತಗೀಬೇಕು ಸರ್. ಲ್ಯಾಬ್ ಬಾಗಿಲಾ ಹಾಕೋದರಾಗ ಇಡಬೇಕು, ತಗದ ಕೂಡ್ಲೆ ಓದಬೇಕು. ಮಷಿನ್ ಒಂದ, ಬ್ಯಾಚ್ ಮೂರು. ಅದಕ್ಕ ನಾನ ಒಂದ ಪಾಳಿ ಪಟ್ಟಿ ಮಾಡಿ ಬಾಗಿಲಿಗೆ ಅಂಟಿಸಿದ್ದೆ, ಬ್ಯಾರೆ ಬ್ಯಾಚಿನವರೂ ಅದರ ಪ್ರಕಾರನ ಬರ್ತಿದ್ರು." "ನಾಯಕತ್ವ" ಎಂಬ ಪದ ಮುಚ್ಚಿಹಾಕಿದ್ದು ಈ ಬಾಗಿಲ ಮೇಲಿನ ಹಾಳೆಯನ್ನು. ನಾಯಕಿ ಎಂದು ನೀವು ಬರೆದರೆ ನಿಮ್ಮ ಜತೆ ಕೆಲಸ ಮಾಡಿದ ಉಳಿದ ಮೂವರು ನಗುತ್ತಾರೆ. ಪಾಳಿ ಪಟ್ಟಿ ನಾನು ಮಾಡಿದೆ ಎಂದು ಬರೆದರೆ "ಹೌದು, ಆಕೀನ ಮಾಡಿದ್ಲು" ಅನ್ನುತ್ತಾರೆ. ನನ್ನ ಹತ್ತಿರ ಬರುವ ಹುಡುಗರಿಗೆಲ್ಲ ಈ ಪರೀಕ್ಷೆ ಇಡುತ್ತೇನೆ: ಆ ಪ್ಯಾರಾವನ್ನು ನಿಮ್ಮ ಪ್ರಾಜೆಕ್ಟ್ ಪಾರ್ಟ್ನರ್ ಎದುರು ಕೂತು ಗಟ್ಟಿಯಾಗಿ ಓದಲಿಕ್ಕೆ ಆಗುತ್ತದೆಯೇ? ಎಲ್ಲಿ ದನಿ ಸಣ್ಣದಾಗುತ್ತದೋ ಅಲ್ಲಿ ಬಡಾಯಿ ಇದೆ.

ಈ ಪಾಠ ನಾನೇ ಪೆಟ್ಟು ತಿಂದು ಕಲಿತದ್ದು. ನನ್ನ ಮೊದಲ ಅರ್ಜಿಯಲ್ಲಿ ಒಂದು ಸಣ್ಣ ಸಮೀಕ್ಷೆಯನ್ನು "ಒಬ್ಬನೇ ನಿಂತು ನಡೆಸಿದೆ" ಎಂದು ಬರೆದಿದ್ದೆ. ನಮ್ಮ ಗುರುಗಳು ಶಿಫಾರಸು ಪತ್ರದಲ್ಲಿ, ಪ್ರೀತಿಯಿಂದಲೇ, "ಮೂವರು ಹುಡುಗರು ಸೇರಿ ಸೊಗಸಾಗಿ ಮಾಡಿದರು" ಎಂದು ಬರೆದಿದ್ದರು. ಸಂದರ್ಶನದಲ್ಲಿ ಎರಡೂ ಕಾಗದ ಒಂದರ ಪಕ್ಕ ಒಂದು ಇದ್ದವು. ಅವರು ಒಂದೇ ಪ್ರಶ್ನೆ ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. "ಮುಂದ ಏನಾತು?" ಅಂದಾಗ ನೀವು ಸ್ವಲ್ಪ ಹೊತ್ತು ಸುಮ್ಮನಾದಿರಿ. ಆಮೇಲೆ "ಅದನ್ನ ಬರಿಯೋ ಹಂಗಿಲ್ಲ ಸರ್, ತಪ್ಪಾಗಿತ್ತು" ಅಂದಿರಿ. 60ನೇ ದಿನ ಗೋಣಿಚೀಲದ ಕಾಯಿಯ ಅಂಕ 30ನೇ ದಿನದ್ದಕ್ಕಿಂತ ಜಾಸ್ತಿ ಬಂತು. ಮೂಲೆಯಲ್ಲಿ ಬಿದ್ದ ಚೀಲದಲ್ಲಿ ಬಣ್ಣ ಇಳಿಯಬೇಕು, ಏರಿತು. ಒಬ್ಬ ಗೆಳೆಯ ಮಷಿನ್ ಕೆಟ್ಟಿದೆ ಅಂದ. ನೀವು ಬರೀ ಅಸಿಟೋನ್ ಇಟ್ಟು ನೋಡಿದಿರಿ, ಸೊನ್ನೆ ತೋರಿಸಿತು, ಮಷಿನ್ ಸರಿ ಇತ್ತು. ಆಮೇಲೆ ಫ್ಲಾಸ್ಕುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದಾಗ ಮೂರರಲ್ಲಿ ದ್ರಾವಣ ಕತ್ತಿನ ಗೆರೆಗಿಂತ ಕೆಳಗೆ ಇತ್ತು. ಆ ಮೂರರ ಗಾಜಿನ ಮುಚ್ಚಳ ಒಡೆದಿದ್ದಕ್ಕೆ ನೀವೇ ಫಾಯಿಲ್ ಸುತ್ತಿದ್ದಿರಿ. ರಾತ್ರಿಯಿಡೀ ಅಸಿಟೋನ್ ಆರಿಹೋಗಿ ಉಳಿದದ್ದು ಗಾಢವಾಗಿತ್ತು, ಅದಕ್ಕೇ ಅಂಕ ಏರಿತ್ತು. ಅದೇ ದಿನದ ಪುಡಿ ಸ್ವಲ್ಪ ಫ್ರೀಜರಿನಲ್ಲಿ ಉಳಿದಿತ್ತು, ಮುಚ್ಚಳ ಇದ್ದ ಫ್ಲಾಸ್ಕ್ ಬೇಡಿ ತಂದು ಮತ್ತೆ ಅಳೆದಿರಿ.

ತಂಗೀ, ಎಸ್‌ಒಪಿ ಅಂದರೆ ಇದೇ ನೋಡು. ಇದನ್ನು ಬಚ್ಚಿಟ್ಟು ಅದರ ಮೇಲೆ ನೀನು "ವಿಶ್ಲೇಷಣಾ ಸಾಮರ್ಥ್ಯ" ಎಂದು ಬರೆದೆ.

ಅರ್ಜಿ ಓದುವವರು ಆ ವಿಷಯದವರೇ. ಲ್ಯಾಬಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು, ಮುಚ್ಚಳ ಸರಿ ಇಲ್ಲದ ಫ್ಲಾಸ್ಕಿನಿಂದ ತಾವೂ ಒಮ್ಮೆ ಮೋಸ ಹೋದವರು. ಸಾಮರ್ಥ್ಯ ಇದೆ ಎಂಬ ವಾಕ್ಯವನ್ನು ಅವರು ನಂಬಲೂ ಆಗದು, ನಂಬದಿರಲೂ ಆಗದು. ಕಣ್ಣು ಅದನ್ನು ದಾಟಿ ಹೋಗುತ್ತದೆ. ಆದರೆ ಏರಿದ ಅಂಕ ಕಂಡು ಸಂಶಯಪಟ್ಟು, ಮೊದಲು ಮಷಿನ್, ಆಮೇಲೆ ಫ್ಲಾಸ್ಕ್ ಎಂದು ಒಂದೊಂದೇ ಕಾರಣ ತಳ್ಳಿಹಾಕುತ್ತ ಹೋದ ಹುಡುಗಿಯನ್ನು ಅವರು ಕಣ್ಣಾರೆ ಕಾಣುತ್ತಾರೆ. ತಪ್ಪು ನಿಮ್ಮದೇ ಎಂದು ನೀವೇ ಹೇಳಿದ್ದರಿಂದ ಉಳಿದ ಅಂಕಿಗಳನ್ನೂ ನಂಬುತ್ತಾರೆ. ಎಲ್ಲ ತಪ್ಪನ್ನೂ ಹರಡಿ ಕೂರಬೇಕೆಂದಿಲ್ಲ. ಬೀಕರ್ ಒಡೆದದ್ದು, ಬಸ್ ತಪ್ಪಿದ್ದು ಬೇಡ. ಹೇಗೆ ಗೊತ್ತಾಯಿತು, ಹೇಗೆ ಸರಿ ಮಾಡಿದಿರಿ ಎಂಬುದು ಇರುವ ತಪ್ಪು ಮಾತ್ರ ಬರಲಿ, ಅದೂ ಒಂದೇ ಒಂದು.

"ವಿನೂತನ ವಿಧಾನ" ಎಂಬುದರ ಬಗ್ಗೆ ಸ್ವಲ್ಪ ಕಟುವಾಗಿ ಹೇಳಬೇಕಾಗಿದೆ. ಬೆಳಕು, ಗಾಳಿ, ಬಿಸಿ ತಾಗಿದರೆ ಮೆಣಸಿನಕಾಯಿಯ ಕೆಂಪು ಹೋಗುತ್ತದೆ ಎಂಬುದು ಆ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನಿಮ್ಮೂರಿನಲ್ಲಿ ಸಾಲು ಸಾಲು ಕೋಲ್ಡ್ ಸ್ಟೋರೇಜು ಇರುವುದೇ ಅದಕ್ಕಲ್ಲವೇ? ಕಪ್ಪು ಪದರದ ಚೀಲವನ್ನು ಹೊಸ ಸಂಶೋಧನೆ ಎಂದರೆ ಓದುವವರಿಗೆ ನಿಮ್ಮ ಓದು ಎಲ್ಲಿಗೆ ನಿಂತಿದೆ ಎಂದು ಗೊತ್ತಾಗಿಬಿಡುತ್ತದೆ. ಬಡಾಯಿಯ ದೊಡ್ಡ ನಷ್ಟ ಕೆಟ್ಟ ಅಭಿಪ್ರಾಯವಲ್ಲ. ಕೆಲಸದಲ್ಲಿ ಇದ್ದ ನಿಜವಾದ ತೂತು ಅದರಡಿ ಕಾಣದೇ ಹೋಗುತ್ತದೆ. ನಿಮ್ಮ ಪ್ರಯೋಗದಲ್ಲಿ ತೂತು ಇದೆ: ಗೋಣಿಚೀಲದ ಹೆಣಿಗೆಯಿಂದ ಬೆಳಕೂ ಬರುತ್ತದೆ, ಗಾಳಿಯೂ ಬರುತ್ತದೆ. ಕಪ್ಪು ಪದರ ಎರಡನ್ನೂ ಒಟ್ಟಿಗೇ ತಡೆಯುತ್ತದೆ. ಹಾಗಾದರೆ ಬಣ್ಣ ಉಳಿಸಿದ್ದು ಕತ್ತಲೆಯೋ, ಗಾಳಿ ಇಲ್ಲದ್ದೋ? ನಿಮ್ಮ ಅಂಕಿಗಳು ಅದನ್ನು ಹೇಳಲಾರವು. ಪಾರದರ್ಶಕ ಚೀಲ ಒಂದನ್ನು ಬಾಯಿ ಬಿಗಿದು ಪಕ್ಕದಲ್ಲಿ ಇಟ್ಟಿದ್ದರೆ ಅರ್ಧ ಉತ್ತರ ಸಿಗುತ್ತಿತ್ತು. ಫೋನಿನಲ್ಲಿ ಇದನ್ನು ಹೇಳಿದಾಗ ನೀವು "ಅಯ್ಯ, ಹೌದಲ್ರೀ" ಅಂದಿರಿ. ಆ ಉದ್ಗಾರವೇ ನಿಮ್ಮ ಪತ್ರದ ನಡುಗಂಬ. ಏನು ಕಲಿಯಲು ಹೋಗುತ್ತಿದ್ದೀರಿ ಎಂಬುದು ಅಲ್ಲಿಂದ ಹುಟ್ಟುತ್ತದೆ. ಪತ್ರದ ಹೆಸರಿನಲ್ಲೇ ಉದ್ದೇಶ ಇದೆ, ನಿಮ್ಮ ಎರಡೂ ಪ್ರತಿಯಲ್ಲಿ ಇಲ್ಲದಿದ್ದದ್ದು ಅದೇ.

ಇಷ್ಟನ್ನೂ ಸೇರಿಸಿ ಆ ಪ್ಯಾರಾ ಹೀಗಾಗಬಹುದು. ಪದಗಳನ್ನು ನಿಮ್ಮವೇ ಮಾಡಿಕೊಳ್ಳಿ, ಇದನ್ನು ಹಾಗೆಯೇ ಇಂಗ್ಲಿಷಿಗೆ ಇಳಿಸಬೇಡಿ:

"ಕೊನೆಯ ವರ್ಷ ನಾವು ನಾಲ್ವರು ಒಂದೇ ಲಾಟಿನ ಬ್ಯಾಡಗಿ ಮೆಣಸಿನಕಾಯಿಯನ್ನು ಗೋಣಿಚೀಲದಲ್ಲೂ ಕಪ್ಪು ಪ್ಲಾಸ್ಟಿಕ್ ಒಳಪದರದ ಚೀಲದಲ್ಲೂ 90 ದಿನ ಇಟ್ಟು, ತಿಂಗಳಿಗೊಮ್ಮೆ ಬಣ್ಣ ಅಳೆದೆವು. ಅಳತೆಯ ಕೆಲಸ ನನ್ನದು. ದ್ರಾವಣ 16 ತಾಸು ನಿಲ್ಲಬೇಕಾಗಿದ್ದರಿಂದ ಒಂದೇ ಯಂತ್ರವನ್ನು ಮೂರು ಬ್ಯಾಚು ಹಂಚಿಕೊಳ್ಳುವ ಪಾಳಿ ಪಟ್ಟಿಯನ್ನೂ ನಾನು ಮಾಡಿದೆ. 60ನೇ ದಿನ ಗೋಣಿಚೀಲದ ಅಂಕ ಇಳಿಯುವ ಬದಲು ಏರಿತು. ಬರೀ ಅಸಿಟೋನ್ ಇಟ್ಟು ನೋಡಿದಾಗ ಯಂತ್ರ ಸರಿಯಿತ್ತು. ಮುಚ್ಚಳ ಒಡೆದ ಮೂರು ಫ್ಲಾಸ್ಕಿಗೆ ನಾನು ಫಾಯಿಲ್ ಸುತ್ತಿದ್ದೆ, ಅವುಗಳಿಂದ ಅಸಿಟೋನ್ ಆರಿಹೋಗಿತ್ತು. ಉಳಿಸಿಟ್ಟಿದ್ದ ಪುಡಿಯಿಂದ ಮತ್ತೆ ಅಳೆದೆ. 90 ದಿನಕ್ಕೆ ಗೋಣಿಚೀಲದ ಅಂಕ 148ರಿಂದ 112ಕ್ಕೆ ಇಳಿದಿತ್ತು, ಒಳಪದರ ಇದ್ದದ್ದು 131ಕ್ಕೆ. ಇದು ಒಂದೇ ಲಾಟಿನ, ಒಂದೇ ಹಂಗಾಮಿನ ಫಲಿತಾಂಶ. ಕಪ್ಪು ಪದರ ಬೆಳಕು, ಗಾಳಿ ಎರಡನ್ನೂ ತಡೆಯುವುದರಿಂದ ಬಣ್ಣ ಉಳಿಸಿದ್ದು ಯಾವುದೆಂದು ನಮ್ಮ ಪ್ರಯೋಗ ಹೇಳುವುದಿಲ್ಲ. ಪಾರದರ್ಶಕ ಚೀಲವೊಂದನ್ನು ಸೇರಿಸಿದ್ದರೆ ಅಷ್ಟು ಬಿಡಿಸಬಹುದಿತ್ತು. ತೇವ ಮತ್ತು ಉಷ್ಣತೆಯನ್ನೂ ಸೇರಿಸಿ, ಬಣ್ಣ ಎಷ್ಟು ವೇಗವಾಗಿ ಇಳಿಯುತ್ತದೆಂದು ಮೊದಲೇ ಲೆಕ್ಕ ಹಾಕುವುದನ್ನು ನಾನು ಕಲಿಯಬೇಕಾಗಿದೆ."

ಇದರಲ್ಲಿ ನಿಮ್ಮನ್ನು ಹೊಗಳುವ ಪದ ಹುಡುಕಿ. ಸಿಗುವುದಿಲ್ಲ. ಆದರೂ ಇದನ್ನು ಬೇರೆ ಯಾರೂ ಬರೆಯಲಾರರು, ನಿಮ್ಮ ಪಾರ್ಟ್ನರ್ ಕೂಡ. "ನೀ ಇದರಾಗ ಇಲ್ಲ" ಅಂದ ಗೆಳತಿಗೆ ಇದನ್ನು ಕೊಟ್ಟು ನೋಡಿ.

"ನಾನು" ಎಂಬ ಪದದ ಸಂಕೋಚ ಬಿಡಿ. ನಮಗೆ ಇದು ತೊಡಕಾಗುವುದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ. "ಅಳೆದೆ" ಅಂದರೆ ಸಾಕು, "ನಾನು" ಆ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. ಪ್ರತಿ ವಾಕ್ಯಕ್ಕೂ "ನಾನು, ನಾನು" ಅನ್ನುವವನನ್ನು ನಾವು ಜಂಬದವನು ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಆ ಬಾಲ ಇಲ್ಲ, "ಐ" ಬರೆಯದೆ ವಾಕ್ಯ ನಿಲ್ಲುವುದಿಲ್ಲ. ಹಾಗೆ ಬರೆಯಲು ನಾಚಿ ನಮ್ಮ ಹುಡುಗರು ಪ್ರಾಜೆಕ್ಟ್ ರಿಪೋರ್ಟಿನ "ಅಳೆಯಲಾಯಿತು"ವಿಗೆ ಹೋಗುತ್ತಾರೆ, ಇಲ್ಲವೇ ಎಲ್ಲಕ್ಕೂ "ವೀ" ಅನ್ನುತ್ತಾರೆ. ಎರಡರಲ್ಲೂ ಓದುವವರಿಗೆ ಯಾರು ಏನು ಮಾಡಿದರೆಂದು ತಿಳಿಯುವುದಿಲ್ಲ. ನಾಲ್ವರು ಮಾಡಿದ್ದಕ್ಕೆ "ನಾವು", ನಿಮ್ಮ ಕೈಯಿಂದ ಆದದ್ದಕ್ಕೆ "ನಾನು", ಇಷ್ಟು ನಿಚ್ಚಳವಾಗಿ ಬೇರೆ ಮಾಡಿ. ಪ್ಯಾರಾದಲ್ಲಿ ಎಂಟು ಸಲ "ಐ" ಬಂದರೂ, ಅದರ ಪಕ್ಕ ಅಳೆದೆ, ಸುತ್ತಿದೆ, ತಪ್ಪು ಮಾಡಿದೆ ಎಂಬ ಕೆಲಸದ ಪದಗಳು ಇದ್ದರೆ ಯಾರಿಗೂ ಜಂಬ ಕೇಳಿಸುವುದಿಲ್ಲ.

ಬರೆಯುವ ಮೊದಲು ನಮ್ಮ ಮಾತಿನಲ್ಲೇ ಮೊಬೈಲಿಗೆ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಅವ್ವನಿಗೆ ಹೇಳುವ ಹಾಗೆ ಹೇಳಿ. ಅವ್ವನ ಮುಂದೆ ಯಾರೂ "ವಿಶ್ಲೇಷಣಾ ಸಾಮರ್ಥ್ಯ" ಅನ್ನುವುದಿಲ್ಲ. ಆಮೇಲೆ ಅದನ್ನು ಕೇಳುತ್ತ ಇಂಗ್ಲಿಷಿನಲ್ಲಿ ಬರೆಯಿರಿ.

ಇನ್ನು ಆರಂಭದ ಪ್ಯಾರಾ. "ಚಿಕ್ಕಂದಿನಿಂದಲೂ ನನಗೆ ಆಹಾರ ವಿಜ್ಞಾನದ ಮೇಲೆ ಅಪಾರ ಒಲವು. ಜಗತ್ಪ್ರಸಿದ್ಧ ಬ್ಯಾಡಗಿಯಲ್ಲಿ ಹುಟ್ಟಿದ ನಾನು ರೈತರ ಬದುಕು ಬದಲಿಸುವ ಕನಸು ಹೊತ್ತವಳು." ಚಿಕ್ಕಂದಿನಲ್ಲಿ ಯಾರಿಗೂ ಆಹಾರ ವಿಜ್ಞಾನದ ಮೇಲೆ ಒಲವು ಇರುವುದಿಲ್ಲ, ತಿನ್ನುವುದರ ಮೇಲೆ ಇರುತ್ತದೆ. ಬ್ಯಾಡಗಿಯನ್ನು ಜಗತ್ಪ್ರಸಿದ್ಧ ಅನ್ನುವುದು ಊರಿನ ಹೆಗಲ ಮೇಲೆ ಕೂತು ಎತ್ತರ ಕಾಣಿಸುವ ಯತ್ನ. ನಿಮ್ಮ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಬಂದದ್ದು ನಮಗೆ ಹೆಮ್ಮೆ, ಆದರೆ ದೂರದಲ್ಲಿ ಕೂತು ಓದುವವರಿಗೆ ಬೇಕಾದದ್ದು ಒಂದೇ ಸಾಲು: ಈ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ, ಕೊಳ್ಳುವವರು ಬೆಲೆ ಕಟ್ಟುವುದು ಬಣ್ಣಕ್ಕೆ. ಅಷ್ಟು ಹೇಳಿದರೆ ನಿಮ್ಮ ಪ್ರಾಜೆಕ್ಟಿನ ಅಂಕಿಗಳು ತಾವೇ ಮಹತ್ವದವಾಗುತ್ತವೆ.

ನಿಜವಾದ ಆರಂಭವನ್ನು ನೀವು ಫೋನ್ ಇಡುವ ಮುಂಚೆ ಹಾಗೇ ಹೇಳಿಬಿಟ್ಟಿರಿ. ಅಪ್ಪ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಒಂದು ದಿನ ಒಬ್ಬನೇ ರೈತನ ಎರಡು ಲಾಟಿಗೆ ಬೇರೆ ಬೇರೆ ಬೆಲೆ ಬಂತು: ಒಂದು ಕೋಲ್ಡ್ ಸ್ಟೋರೇಜಿನಿಂದ ತೆಗೆದದ್ದು, ಇನ್ನೊಂದು ಮನೆಯಲ್ಲಿ ಇಟ್ಟದ್ದು. ಕೊಳ್ಳುವವರು ಕಾಯಿ ಮುರಿದು ನೋಡಿ ಚೀಟಿಯಲ್ಲಿ ಬೆಲೆ ಬರೆದಿದ್ದರು. ನೀವು ಅಪ್ಪನಿಗೆ "ಕಣ್ಣಲೇ ನೋಡಿ ಹೆಂಗ ಗೊತ್ತಾಗ್ತದ?" ಅಂತ ಕೇಳಿದಿರಿ, ಅವರು "ದಿನಾ ನೋಡಿದರ ಗೊತ್ತಾಗ್ತದ" ಅಂದರು. ಆ ಉತ್ತರ ನಿಮಗೆ ಸಾಲಲಿಲ್ಲ. ಮೂರು ನಾಲ್ಕು ವಾಕ್ಯದಲ್ಲಿ ಇದನ್ನು ಹೇಳಿ ಪ್ರಾಜೆಕ್ಟಿಗೆ ಇಳಿಯಿರಿ. ಕನಸು, ಒಲವು ಯಾವುದೂ ಬೇಡ. ಒಂದು ಎಚ್ಚರಿಕೆ ಮಾತ್ರ: ಅಪ್ಪನ ಸಂಬಳ, ಮನೆಯ ಕಷ್ಟ ಇಲ್ಲಿ ತರಬೇಡಿ. ಕಷ್ಟವನ್ನು ಎತ್ತಿ ತೋರಿಸುವುದೂ ಬಡಾಯಿಯ ಇನ್ನೊಂದು ಬಗೆ, ಓದುವವರ ಕೈ ಹಿಡಿದು ಅಂಕ ಕೇಳಿದ ಹಾಗೆ. ಮನೆತನ, ಬೆಳೆದ ಪರಿಸರದ ಬಗ್ಗೆ ಕೇಳುವ ವಿಶ್ವವಿದ್ಯಾಲಯಗಳು ಅದಕ್ಕೆ ಬೇರೆ ಹಾಳೆಯನ್ನೇ ಕೇಳುತ್ತವೆ. ಉದಾಹರಣೆಗೆ ಅಮೆರಿಕದ ಬರ್ಕ್ಲಿ, ಉದ್ದೇಶದ ಪತ್ರ ಒಂದು, ಪರ್ಸನಲ್ ಹಿಸ್ಟರಿ ಇನ್ನೊಂದು ಎಂದು ಎರಡು ಬರೆಸುತ್ತದೆ. ಅಂಥಲ್ಲಿ ಅದು ಅಲ್ಲಿಗೆ ಹೋಗಲಿ.

ವಿಶ್ವವಿದ್ಯಾಲಯದ ಪ್ಯಾರಾದಲ್ಲಿ "ತಮ್ಮ ಘನತೆವೆತ್ತ ಸಂಸ್ಥೆ", "ವಿಶ್ವದರ್ಜೆಯ ಪ್ರಯೋಗಾಲಯ" ಎಂದಿದೆ. ನೀವು ನೆದರ್ಲೆಂಡ್ಸಿನ ವಾಗೆನಿಂಗನ್‌ಗೆ ಬರೆದದ್ದರಲ್ಲಿ ಆ ಹೆಸರು ತೆಗೆದು ಬೇರೆ ಯಾವುದನ್ನು ಹಾಕಿದರೂ ಪ್ಯಾರಾ ಹಾಗೇ ನಿಲ್ಲುತ್ತದೆ. ಹಾಗೆ ನಿಲ್ಲುವ ವಾಕ್ಯಗಳನ್ನೆಲ್ಲ ಹೊಡೆದುಹಾಕಿ. ಅವರ ರ‍್ಯಾಂಕ್ ಅವರಿಗೆ ಗೊತ್ತು. ಅವರ ವೆಬ್‌ಸೈಟಿನಲ್ಲಿ ಕೋರ್ಸಿನ ವಿಷಯಗಳ ಪಟ್ಟಿ ಇರುತ್ತದೆ. ಅದನ್ನು ತೆರೆದು ಪ್ಯಾಕೇಜಿಂಗ್, ಶೆಲ್ಫ್ ಲೈಫ್, ಗುಣಮಟ್ಟ ಕುಸಿಯುವ ವೇಗದ ಲೆಕ್ಕ ಇವು ಯಾವ ವಿಷಯದಡಿ ಬರುತ್ತವೆ ನೋಡಿ, ಅದರ ಹೆಸರು ಬರೆದು, ನಿಮ್ಮ ಚೀಲದ ಪ್ರಶ್ನೆಗೆ ಅದು ಹೇಗೆ ಬೇಕು ಎಂದು ಎರಡು ವಾಕ್ಯದಲ್ಲಿ ಹೇಳಿ. ಪ್ರೊಫೆಸರರ ಹೆಸರು ಹಾಕಲೇಬೇಕೆಂದು ಯಾರೋ ಹೇಳಿದ್ದಾರೆಂದಿರಿ. ಅವರ ಒಂದು ಲೇಖನವನ್ನಾದರೂ ಪೂರ್ತಿ ಓದಿ, ಅದರಲ್ಲಿ ಏನಿದೆಯೆಂದು ನಿಮ್ಮ ಮಾತಿನಲ್ಲಿ ಹೇಳಲು ಬಂದರೆ ಹಾಕಿ, ಇಲ್ಲವಾದರೆ ಬೇಡ.

ಪ್ರಶಸ್ತಿ ಬಯೋಡೇಟಾದಲ್ಲಿ ಇರಲಿ, ಎಷ್ಟು ತಂಡಗಳ ಪೈಕಿ ಎಂದೂ ಅಲ್ಲೇ ಬರೆಯಿರಿ. ಮೂರನೇ ಸೆಮಿಸ್ಟರಿನ ಗಣಿತದ ಬ್ಯಾಕ್‌ಲಾಗಿಗೆ ನೀವು ಆರು ಸಾಲು ಸಮಜಾಯಿಷಿ ಕೊಟ್ಟಿದ್ದೀರಿ. ಬಿಡಿ. ಅದು ಅಂಕಪಟ್ಟಿಯಲ್ಲಿ ಕಾಣುತ್ತದೆ, ಮುಂದಿನ ಸಲ ಪಾಸಾದದ್ದೂ ಕಾಣುತ್ತದೆ. ಹೇಳಲೇಬೇಕು ಅನ್ನಿಸಿದರೆ ಒಂದು ಸಾಲು ಸಾಕು.

ಕೊನೆಯ ಪ್ಯಾರಾದ "ಕರ್ನಾಟಕದ ರೈತರ ಬದುಕಿನಲ್ಲಿ ಕ್ರಾಂತಿ ತರುತ್ತೇನೆ" ಎಂಬ ಮಾತು ಭಾಷಣದ ಮಾತೇ, ಮಾವ ಹಿಡಿದದ್ದು ಬಹುಶಃ ಇದನ್ನೇ. ಕೋರ್ಸ್ ಮುಗಿಸಿ ಬಂದ ಮೊದಲ ಸೋಮವಾರ ಎಲ್ಲಿ ಕೆಲಸಕ್ಕೆ ಹೋಗುತ್ತೀರಿ ಎಂದು ಕೇಳಿದ್ದಕ್ಕೆ ನೀವು "ಬಣ್ಣ ತೆಗಿಯೋ ಓಲಿಯೋರೆಸಿನ್ ಫ್ಯಾಕ್ಟರಿ ಕ್ವಾಲಿಟಿ ಲ್ಯಾಬಿಗೆ ಸರ್, ಆಮ್ಯಾಲ ನಮ್ಮೂರಾಗ ರೈತರಿಗೆ ಕಾಯಿ ಟೆಸ್ಟ್ ಮಾಡಿ ಕೊಡೋ ಸಣ್ಣ ಲ್ಯಾಬ್ ಹಾಕಬೇಕಂತ" ಅಂದಿರಿ. ಹಾಗೇ ಬರೆಯಿರಿ. ಮಾರಾಟಕ್ಕೆ ಮೊದಲೇ ಬಣ್ಣದ ಅಂಕ ರೈತನ ಕೈಯಲ್ಲಿ ಇದ್ದರೆ ಕಾಯಿ ಮುರಿದು ನೋಡುವವರ ಮಾತೇ ಕೊನೆಯಾಗುವುದಿಲ್ಲ ಎಂಬುದು ಅಪ್ಪನಿಗೆ ಕೇಳಿದ ಆ ಹಳೇ ಪ್ರಶ್ನೆಗೂ ಸೇರುತ್ತದೆ.

ಉದ್ದ ಎಷ್ಟೆಂದು ಆಯಾ ವಿಶ್ವವಿದ್ಯಾಲಯ ಹೇಳಿದ್ದಷ್ಟೇ. ಹೇಳದಿದ್ದರೆ ಎರಡು ಪುಟ ದಾಟಬೇಡಿ. ಮೇಲಿನಂತೆ ಬರೆದರೆ ಪ್ರಾಜೆಕ್ಟಿನ ಪ್ಯಾರಾ ಪತ್ರದ ಮೂರನೇ ಒಂದು ಪಾಲು ತಿನ್ನುತ್ತದೆ, ತಿನ್ನಲಿ. ಎನ್‌ಎಸ್‌ಎಸ್ ಶಿಬಿರ, ಭಾಷಣ ಸ್ಪರ್ಧೆ, ಕಾಲೇಜು ಫೆಸ್ಟ್ ಮೂರನ್ನೂ ತೆಗೆದರೆ ಜಾಗ ಆಗುತ್ತದೆ.

ಕಳಿಸುವ ಮೊದಲು ಒಂದು ಕೆಲಸ ಬಾಕಿ ಇದೆ. ಶಿಫಾರಸು ಪತ್ರ ಬರೆಯುವ ನಿಮ್ಮ ಗೈಡ್ ಹತ್ತಿರ ಹೋಗಿ ಈ ಪ್ಯಾರಾ ತೋರಿಸಿ, 60ನೇ ದಿನದ ವಿಷಯ ಅವರಿಗೆ ನೆನಪಿದೆಯೇ ಕೇಳಿ. ನೆನಪಿದ್ದರೆ ಅವರೂ ತಮ್ಮ ಪತ್ರದಲ್ಲಿ ಒಂದು ಸಾಲು ಬರೆಯಬಹುದು. ನೆನಪಿಲ್ಲದಿದ್ದರೆ ಲ್ಯಾಬ್ ಪುಸ್ತಕ ತೆಗೆದುಕೊಂಡು ಹೋಗಿ. ಹೊಡೆದುಹಾಕಿದ ಆ ಮೂರು ಅಂಕಿ, ಪಕ್ಕದಲ್ಲಿ ನೀವೇ ಬರೆದ "ಫಾಯಿಲ್" ಎಂಬ ಪದ ಇನ್ನೂ ಅದರಲ್ಲಿ ಇದೆಯೆಂದಿರಲ್ಲ, ಆ ಪುಟ ತೋರಿಸಿ.